ಡಬ್ಬದ ಮೇಲಿನ 24 ಗ್ರಾಂ: ಪ್ರೋಟೀನ್ ಪುಡಿ ಮತ್ತು ವಿಟಮಿನ್ ಮಾತ್ರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದ ನನ್ನನ್ನು ನೆಂಟರು, ನೆರೆಹೊರೆಯವರು, ಜಿಮ್‌ಗೆ ಹೋಗುವ ಹುಡುಗರು ಮತ್ತು ಅವರ ತಂದೆತಾಯಿಗಳು ಕೇಳುತ್ತಲೇ ಬಂದಿರುವ ಪ್ರಶ್ನೆಗಳಿವು. ಅಂಗಡಿಯ ಕಪಾಟಿನ ಮುಂದೆ ನಿಂತಾಗ ಉಪಯೋಗಕ್ಕೆ ಬರುವಂತೆ ಉತ್ತರಗಳನ್ನು ಬರೆದಿದ್ದೇನೆ.

ನನಗೆ ಪ್ರೋಟೀನ್ ಪುಡಿ ಬೇಕೇ, ಬೇಡವೇ ಎಂದು ತಿಳಿಯುವುದು ಹೇಗೆ?

ಡಬ್ಬವನ್ನು ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ತಟ್ಟೆಯ ಲೆಕ್ಕ ಹಾಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣದ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಕ್ರೀಡಾ ಪೋಷಣೆಯ ತಜ್ಞರು ಇದಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಕಿಲೋಗೆ 1.6 ಗ್ರಾಂವರೆಗೆ ಹೇಳುತ್ತಾರೆ. ಅದಕ್ಕಿಂತ ಮೇಲೆ ಹೋದಂತೆ ಸ್ನಾಯುವಿಗೆ ಸಿಗುವ ಲಾಭ ಬಹಳ ಕಡಿಮೆಯಾಗುತ್ತದೆ.

ಒಂದು ಉದಾಹರಣೆ ನೋಡೋಣ. ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುವ, 68 ಕಿಲೋ ತೂಕದ, ಮೊಟ್ಟೆ ತಿನ್ನುವ ಯುವಕನೊಬ್ಬನಿದ್ದಾನೆ ಎಂದುಕೊಳ್ಳಿ. ಸಾಮಾನ್ಯ ಲೆಕ್ಕದಲ್ಲಿ ಅವನಿಗೆ ಬೇಕಾದದ್ದು ಸುಮಾರು 56 ಗ್ರಾಂ, ವ್ಯಾಯಾಮದ ಲೆಕ್ಕದಲ್ಲಿ ಹೆಚ್ಚೆಂದರೆ 109 ಗ್ರಾಂ. ಬೆಳಿಗ್ಗೆ ಮೂರು ಇಡ್ಲಿ ಮತ್ತು ಸಾಂಬಾರಿನಿಂದ ಸುಮಾರು 8 ಗ್ರಾಂ ಸಿಗುತ್ತದೆ. ಮಧ್ಯಾಹ್ನ ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಿಂದ 7, ಐವತ್ತು ಗ್ರಾಂ ತೊಗರಿಬೇಳೆಯ ಗಟ್ಟಿ ಸಾರಿನಿಂದ 11, ರಾತ್ರಿಯ ಅನ್ನದಿಂದ 6 ಗ್ರಾಂ ಬರುತ್ತದೆ. ಇಡೀ ದಿನದಲ್ಲಿ ಅರ್ಧ ಲೀಟರ್ ಹಾಲು 16, ಒಂದು ಬಟ್ಟಲು ಮೊಸರು 6, ಒಂದು ಹಿಡಿ ಕಡಲೆಕಾಯಿ ಬೀಜ 7, ಎರಡು ಮೊಟ್ಟೆ 12 ಗ್ರಾಂ ಸೇರಿಸುತ್ತವೆ. ಒಟ್ಟು 73 ಗ್ರಾಂ ಆಯಿತು. ಇದರ ಮೇಲೆ ಐವತ್ತು ಗ್ರಾಂ ಒಣ ಸೋಯಾ ಚಂಕ್ಸ್ ಅನ್ನು ಪಲ್ಯ ಮಾಡಿಕೊಂಡರೆ ಇನ್ನೂ 26 ಗ್ರಾಂ ಬಂದು ಮೊತ್ತ 99ಕ್ಕೆ ಮುಟ್ಟುತ್ತದೆ, ಅದಕ್ಕೆ ತಗಲುವ ಖರ್ಚು ಹತ್ತು ರೂಪಾಯಿಯ ಆಸುಪಾಸು. ಕಿಲೋಗೆ 2,500 ರೂಪಾಯಿ ಕೊಟ್ಟು ತಂದ ಪುಡಿಯಲ್ಲಿ 33 ಗ್ರಾಂನ ಒಂದು ಸ್ಕೂಪ್‌ಗೆ 83 ರೂಪಾಯಿ ಬೀಳುತ್ತದೆ, ಅದರಲ್ಲಿ ಸಿಗುವುದು, ಲೇಬಲ್ಲು ನಿಜವಾಗಿದ್ದರೆ, 24 ಗ್ರಾಂ.

ಪುಡಿಯಿಂದ ನಿಜವಾಗಿ ಅನುಕೂಲವಾಗುವವರೂ ಇದ್ದಾರೆ. ಹಲ್ಲಿಲ್ಲದೆ ಅಗಿಯಲಾಗದ, ಊಟ ಸೇರದ ವೃದ್ಧರು, ದೊಡ್ಡ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರು, ಅಡುಗೆಮನೆಯಿಲ್ಲದ ಪಿಜಿಯಲ್ಲಿದ್ದು ತೀವ್ರ ತರಬೇತಿ ಪಡೆಯುವ ಕ್ರೀಡಾಪಟುಗಳು ಇಂಥವರು. ಆರೋಗ್ಯವಾಗಿದ್ದು ಮೂರು ಹೊತ್ತು ಉಣ್ಣುವವರಿಗೆ ಅದು ಅನುಕೂಲದ ವಸ್ತುವೇ ಹೊರತು ಅಗತ್ಯದ ವಸ್ತುವಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಭಾರತೀಯರ ಆಹಾರ ಮಾರ್ಗಸೂಚಿ ಕೂಡ ಮೈ ಬೆಳೆಸಲು ಪ್ರೋಟೀನ್ ಪುಡಿಗಳನ್ನು ಬಳಸಬೇಡಿ ಎಂದೇ ಹೇಳಿದೆ.

ಲೇಬಲ್ಲಿನಲ್ಲಿ ಮೊದಲು ಏನನ್ನು ನೋಡಬೇಕು?

ಮುಂಭಾಗದ ದಪ್ಪ ಅಕ್ಷರಗಳನ್ನು ಬಿಟ್ಟು ಡಬ್ಬವನ್ನು ತಿರುಗಿಸಿ, 100 ಗ್ರಾಂ ಪುಡಿಯಲ್ಲಿ ಎಷ್ಟು ಪ್ರೋಟೀನ್ ಇದೆ ಎಂಬುದನ್ನು ನೋಡಿ. ಒಂದು ಸ್ಕೂಪ್ ಎಷ್ಟಿರಬೇಕು ಎಂಬುದನ್ನು ತಯಾರಕರೇ ನಿರ್ಧರಿಸುವುದರಿಂದ ಸ್ಕೂಪ್‌ನ ಲೆಕ್ಕ ಹೋಲಿಕೆಗೆ ಬರುವುದಿಲ್ಲ. ಹಾಲಿನ ಹಾಲೊಡಕಿನಿಂದ ಮಾಡುವ ವೇ ಕಾನ್ಸಂಟ್ರೇಟ್‌ನಲ್ಲಿ ನೂರಕ್ಕೆ ಸುಮಾರು 70ರಿಂದ 80 ಗ್ರಾಂ, ಇನ್ನೂ ಶುದ್ಧೀಕರಿಸಿದ ಐಸೋಲೇಟ್‌ನಲ್ಲಿ 90ರ ಆಸುಪಾಸು ಪ್ರೋಟೀನ್ ಇರುತ್ತದೆ. ಮಾಸ್ ಗೇನರ್ ಎಂದು ಮಾರುವ ದೊಡ್ಡ ಚೀಲಗಳಲ್ಲಿ ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿಯೇ ತುಂಬಿರುತ್ತದೆ.

ಔಷಧಿ ಅಂಗಡಿಯಲ್ಲಿ ವಯಸ್ಸಾದವರಿಗೆಂದು ಕೊಡುವ ಡಬ್ಬಗಳ ಮೇಲೆ ಒಂದು ಚಿಕ್ಕ ನಕ್ಷತ್ರ ಚಿಹ್ನೆ ಇದೆಯೇ ಎಂದು ಹುಡುಕಿ. ನೆರೆಮನೆಯ ಅಜ್ಜಿಗೆ ತಂದ ಡಬ್ಬದಲ್ಲಿ 100 ಗ್ರಾಂಗೆ 34 ಗ್ರಾಂ ಪ್ರೋಟೀನ್ ಇತ್ತು. ಅಂದರೆ 30 ಗ್ರಾಂ ಪುಡಿಯಲ್ಲಿ ಹತ್ತು ಗ್ರಾಂ ಮಾತ್ರ. ಮುಂಭಾಗದಲ್ಲಿ ಹದಿನಾರು ಗ್ರಾಂ ಎಂದಿತ್ತು. ಕೆಳಗಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದಾಗ ‘200 ಮಿಲಿ ಹಾಲಿನಲ್ಲಿ ಬೆರೆಸಿದಾಗ’ ಎಂದು ಗೊತ್ತಾಯಿತು. ಉಳಿದ ಆರು ಗ್ರಾಂ ಆ ಅಜ್ಜಿಯ ಮನೆಯ ಹಾಲಿನದೇ.

ನಂತರ ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಆ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್, ಕ್ರಿಯಾಟಿನ್ ಎಂಬ ಹೆಸರುಗಳಿದ್ದರೆ ಅಲ್ಲಿ ಸ್ವಲ್ಪ ನಿಲ್ಲಿ. ಏಕೆ ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಿದೆ ಎಂದ ಮೇಲೆ ಆ 24 ಗ್ರಾಂ ಸುಳ್ಳಾಗುವುದು ಹೇಗೆ?

ಇದು ನಾನು ಅತಿ ಹೆಚ್ಚು ಸಲ ವಿವರಿಸಿದ ವಿಷಯ. ಪ್ರಯೋಗಾಲಯವು ಸಾಮಾನ್ಯ ಪರೀಕ್ಷೆಯಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದೇ ಇಲ್ಲ, ಅಳೆಯುವುದು ಸಾರಜನಕವನ್ನು. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಯೋಹಾನ್ ಕೆಲ್ಡಾಲ್ 1883ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಒಂದು ಚಿಟಿಕೆಯಷ್ಟು ಪುಡಿಯನ್ನು ಗಾಜಿನ ಕೊಳವೆಗೆ ಹಾಕಿ ಸಾಂದ್ರ ಗಂಧಕಾಮ್ಲದಲ್ಲಿ ಕುದಿಸುತ್ತೇವೆ. ಮೊದಲು ಅದು ಡಾಂಬರಿನಂತೆ ಕಪ್ಪಾಗಿ ನೊರೆಯೇಳುತ್ತದೆ, ಗಂಟೆಗಳ ನಂತರ, ಜೊತೆಗೆ ಹಾಕಿದ ತಾಮ್ರದ ಲವಣದಿಂದಾಗಿ, ತಿಳಿಯಾದ ಹಸಿರು ನೀಲಿ ದ್ರವವಾಗಿ ನಿಲ್ಲುತ್ತದೆ. ಅದಕ್ಕೆ ಕ್ಷಾರ ಸೇರಿಸಿ ಬಟ್ಟಿ ಇಳಿಸಿದಾಗ ಹೊರಬರುವ ಅಮೋನಿಯಾವನ್ನು ಹಿಡಿದು ಅಳೆದು, ಬಂದ ಸಾರಜನಕವನ್ನು 6.25ರಿಂದ, ಹಾಲಿನ ಪದಾರ್ಥವಾದರೆ 6.38ರಿಂದ ಗುಣಿಸುತ್ತೇವೆ. ಪ್ರೋಟೀನಿನಲ್ಲಿ ಸರಾಸರಿ ಶೇಕಡಾ 16ರಷ್ಟು ಸಾರಜನಕ ಇರುತ್ತದೆ ಎಂಬ ಊಹೆಯೇ ಈ ಗುಣಾಕಾರದ ತಳಹದಿ.

ಸಾರಜನಕ ಎಲ್ಲಿಂದ ಬಂತು ಎಂದು ಆ ಕೊಳವೆಗೆ ತಿಳಿಯುವುದಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮಿನ್ ಎಂಬ ಕೈಗಾರಿಕಾ ರಾಸಾಯನಿಕ ಸೇರಿಸಿ ಪ್ರೋಟೀನ್ ಸರಿಯಿದೆ ಎಂದು ತೋರಿಸಿದ್ದು, ಅದರಿಂದ ಸಾವಿರಾರು ಶಿಶುಗಳ ಮೂತ್ರಪಿಂಡಗಳಿಗೆ ಹಾನಿಯಾಗಿದ್ದು ಇದೇ ದೌರ್ಬಲ್ಯವನ್ನು ಬಳಸಿಕೊಂಡು. ಪ್ರೋಟೀನ್ ಎಂಬ ಗೋಡೆಯ ಬಿಡಿ ಇಟ್ಟಿಗೆಗಳಿಗೆ ಅಮೈನೋ ಆಮ್ಲ ಎನ್ನುತ್ತಾರೆ. ಪುಡಿಗಳಲ್ಲಿ ಮೆಲಮಿನ್ ಬದಲು ಗ್ಲೈಸಿನ್‌ನಂಥ ಅಗ್ಗದ ಅಮೈನೋ ಆಮ್ಲಗಳನ್ನು ಬೆರೆಸುತ್ತಾರೆ. ಇವು ವಿಷವಲ್ಲ, ಆದರೆ ಪ್ರೋಟೀನಿನ ಕೆಲಸವನ್ನೂ ಮಾಡುವುದಿಲ್ಲ.

ಲೆಕ್ಕ ಹೀಗಿದೆ. ಗ್ಲೈಸಿನ್‌ನ ತೂಕದಲ್ಲಿ ಶೇಕಡಾ 18.7ರಷ್ಟು ಸಾರಜನಕ ಇದೆ. ಅದನ್ನು 6.25ರಿಂದ ಗುಣಿಸಿದರೆ ಒಂದು ಗ್ರಾಂ ಗ್ಲೈಸಿನ್ ಪರೀಕ್ಷೆಯಲ್ಲಿ ಸುಮಾರು 1.17 ಗ್ರಾಂ ‘ಪ್ರೋಟೀನ್’ ಆಗಿ ಕಾಣಿಸುತ್ತದೆ. ಒಂದು ಸ್ಕೂಪ್‌ನಲ್ಲಿ 18 ಗ್ರಾಂ ಮಾತ್ರ ನಿಜವಾದ ಹಾಲಿನ ಪ್ರೋಟೀನ್ ಹಾಕಿ, ಐದು ಗ್ರಾಂ ಗ್ಲೈಸಿನ್ ಬೆರೆಸಿದರೆ, 18ಕ್ಕೆ 5.8 ಸೇರಿ 23.8 ಗ್ರಾಂ ಎಂದು ವರದಿ ಬರುತ್ತದೆ. ಪ್ರಯೋಗಾಲಯ ತಪ್ಪು ಮಾಡಿಲ್ಲ, ವರದಿ ನಕಲಿಯಲ್ಲ, ಆದರೂ ನಿಮಗೆ ಸಿಕ್ಕಿದ್ದು ಆರು ಗ್ರಾಂ ಕಡಿಮೆ. ಕ್ರಿಯಾಟಿನ್ ಇನ್ನೂ ಮೇಲು, ಒಂದು ಗ್ರಾಂ ಎರಡು ಗ್ರಾಂ ಪ್ರೋಟೀನಿನಂತೆ ಎಣಿಕೆಯಾಗುತ್ತದೆ.

ಈ ಬೆರಕೆಯನ್ನು ಗ್ರಾಹಕರು ಗುರುತಿಸಬಹುದೇ?

ಒಂದು ಮಟ್ಟಿಗೆ ಗುರುತಿಸಬಹುದು. ಒಳ್ಳೆಯ ತಯಾರಕರು ಡಬ್ಬದ ಮೇಲೆ ಅಥವಾ ಜಾಲತಾಣದಲ್ಲಿ ಪೂರ್ತಿ ಅಮೈನೋ ಆಮ್ಲಗಳ ಪಟ್ಟಿ ಕೊಡುತ್ತಾರೆ. ಅದರಲ್ಲಿ ಎರಡೇ ಸಾಲು ನೋಡಿದರೆ ಸಾಕು. ಹಾಲೊಡಕಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು ಹತ್ತು ಭಾಗ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಹಾಗಾಗಿ 24 ಗ್ರಾಂನಲ್ಲಿ ಲ್ಯೂಸಿನ್ ಎರಡೂವರೆ ಗ್ರಾಂ ಆಸುಪಾಸಿನಲ್ಲಿರಬೇಕು. ಗ್ಲೈಸಿನ್ ಅದರಲ್ಲಿ ಸ್ವಭಾವತಃ ಬಹಳ ಕಡಿಮೆ, ಅರ್ಧ ಗ್ರಾಂ ಇದ್ದರೆ ಹೆಚ್ಚು. ಮೇಲಿನ ಉದಾಹರಣೆಯ ಬೆರಕೆ ಪುಡಿಯಲ್ಲಿ ಲ್ಯೂಸಿನ್ 1.9ಕ್ಕೆ ಇಳಿದು ಗ್ಲೈಸಿನ್ ಐದು ಗ್ರಾಂ ದಾಟಿರುತ್ತದೆ. ಇಬ್ಬರ ಪಟ್ಟಿಯನ್ನು ಪಕ್ಕಪಕ್ಕ ಇಟ್ಟರೆ ಹತ್ತನೇ ತರಗತಿಯ ಹುಡುಗನಿಗೂ ವ್ಯತ್ಯಾಸ ಕಾಣುತ್ತದೆ. ಬಟಾಣಿ ಅಥವಾ ಸೋಯಾ ಪ್ರೋಟೀನಿನಲ್ಲಿ ಗ್ಲೈಸಿನ್ ಸ್ವಾಭಾವಿಕವಾಗಿಯೇ ಹೆಚ್ಚಿರುವುದರಿಂದ ಈ ಅಳತೆ ಅವಕ್ಕೆ ಹೊಂದುವುದಿಲ್ಲ.

ಪೂರ್ತಿ ಪಟ್ಟಿಯನ್ನೇ ಕೊಡದ, ‘ವಿಶೇಷ ಮಿಶ್ರಣ’ ಎಂಬ ಹೆಸರಿನಡಿ ಹಲವು ಪದಾರ್ಥಗಳನ್ನು ಒಟ್ಟಿಗೆ ಬರೆದು ಪ್ರತ್ಯೇಕ ತೂಕ ಹೇಳದ ಡಬ್ಬವನ್ನು ನಾನಂತೂ ಕೊಳ್ಳುವುದಿಲ್ಲ. ರುಚಿ, ಕರಗುವ ರೀತಿ, ನೊರೆ, ಬೆಂಕಿಗೆ ಹಿಡಿದಾಗ ಬರುವ ವಾಸನೆ ಇವುಗಳಿಂದ ಅಸಲಿ ನಕಲಿ ತಿಳಿಯುತ್ತದೆ ಎಂದು ವಿಡಿಯೋಗಳಲ್ಲಿ ತೋರಿಸುವುದನ್ನು ನಂಬಬೇಡಿ. ಸಾಮಾನ್ಯ ಹಾಲಿನ ಪುಡಿಯೂ ಆ ಪರೀಕ್ಷೆಗಳಲ್ಲಿ ಪಾಸಾಗುತ್ತದೆ.

ಎಫ್‌ಎಸ್‌ಎಸ್‌ಎಐ ಮುದ್ರೆ ಇದ್ದರೆ ಸರ್ಕಾರ ಪರೀಕ್ಷಿಸಿದೆ ಎಂದರ್ಥವೇ?

ಅಲ್ಲ. ಎಫ್‌ಎಸ್‌ಎಸ್‌ಎಐ ಎಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ. ಮುದ್ರೆಯ ಜೊತೆಗಿರುವ 14 ಅಂಕಿಯ ಸಂಖ್ಯೆ ಆಹಾರ ತಯಾರಿಸಲು ಅಥವಾ ಮಾರಲು ಕೊಟ್ಟ ಪರವಾನಗಿಯದು. ನಿಮ್ಮ ಕೈಯಲ್ಲಿರುವ ಡಬ್ಬದ ಬ್ಯಾಚ್ ಅನ್ನು ಯಾರೋ ಅಳೆದು ಒಪ್ಪಿದ್ದಾರೆ ಎಂದು ಅದು ಹೇಳುವುದಿಲ್ಲ. ಪರವಾನಗಿ ಪಡೆದ ತಯಾರಕರು ಆರು ತಿಂಗಳಿಗೊಮ್ಮೆಯಾದರೂ ತಮ್ಮ ಉತ್ಪನ್ನವನ್ನು ಪರೀಕ್ಷೆ ಮಾಡಿಸಬೇಕು ಎಂಬ ಷರತ್ತು ಇದೆ, ಆದರೆ ಆ ಮಾದರಿಯನ್ನು ಆರಿಸಿ ಕಳಿಸುವವರು ತಯಾರಕರೇ. ಆದರೂ ಸಂಖ್ಯೆಯನ್ನು foscos.fssai.gov.in ತಾಣದಲ್ಲಿ ಹಾಕಿ ನೋಡುವುದು ಒಳ್ಳೆಯದು. ಬರುವ ಹೆಸರು, ವಿಳಾಸ ಡಬ್ಬದ ಮೇಲಿನದಕ್ಕೆ ಹೊಂದದಿದ್ದರೆ ಅಥವಾ ಅವಧಿ ಮುಗಿದಿದ್ದರೆ ಮುಂದೆ ಯೋಚಿಸುವ ಅಗತ್ಯವೇ ಇಲ್ಲ.

ಹಾಗಾದರೆ ಸ್ವತಂತ್ರ ಪರೀಕ್ಷೆ ಎಂದರೆ ಯಾವುದು? ಯಾವ ಮುದ್ರೆಯನ್ನು ನಂಬಬೇಕು?

ಎರಡು ವಿಷಯ ಕೇಳಿಕೊಳ್ಳಿ: ಮಾದರಿಯನ್ನು ಆರಿಸಿದವರು ಯಾರು, ಮತ್ತು ಪರೀಕ್ಷಿಸಿದ್ದು ಏನನ್ನು. ಇನ್‌ಫಾರ್ಮ್ಡ್ ಸ್ಪೋರ್ಟ್ ಎಂಬ ಮುದ್ರೆಯಿದ್ದರೆ ಪ್ರತಿ ಬ್ಯಾಚ್ ಅನ್ನೂ ಕ್ರೀಡೆಯಲ್ಲಿ ನಿಷೇಧಿಸಿದ ಮದ್ದುಗಳಿಗಾಗಿ ಪರೀಕ್ಷಿಸಿರುತ್ತಾರೆ. ಉದ್ದೀಪನ ಮದ್ದು ದೇಹದಲ್ಲಿ ಸಿಕ್ಕರೆ ‘ಪುಡಿಯಿಂದ ಬಂತು, ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಕ್ರೀಡಾಪಟುವನ್ನು ಹೊಣೆಯಿಂದ ಬಿಡಿಸುವುದಿಲ್ಲವಾದ್ದರಿಂದ ರಾಜ್ಯಮಟ್ಟದಲ್ಲಿ ಆಡುವವರಿಗೆ ಇದು ಬಹಳ ಮುಖ್ಯ. ಆದರೆ 24 ಗ್ರಾಂ ನಿಜವಾಗಿಯೂ ಇದೆಯೇ ಎಂಬ ಪ್ರಶ್ನೆಗೆ ಆ ಮುದ್ರೆ ಉತ್ತರವಲ್ಲ. ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಎಂಬ ಅಮೆರಿಕದ ಮುದ್ರೆ ಲೇಬಲ್ಲಿನ ಪ್ರಮಾಣ, ಭಾರಲೋಹ, ನಿಷೇಧಿತ ಮದ್ದು ಮೂರನ್ನೂ ನೋಡುತ್ತದೆ. ಎರಡಕ್ಕೂ ಅವರವರ ತಾಣದಲ್ಲಿ ಉತ್ಪನ್ನದ ಹೆಸರು ಹುಡುಕಬಹುದು. ಮುದ್ರೆಯ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದ್ದರಿಂದ ಹುಡುಕಿಯೇ ನಂಬಿ.

‘ಲ್ಯಾಬ್ ಟೆಸ್ಟೆಡ್’ ಎಂದು ಬರೆದು ವರದಿಯ ಚಿತ್ರ ಹಾಕಿದ್ದರೆ ಅದನ್ನು ದೊಡ್ಡದು ಮಾಡಿ ಓದಿ. ಪ್ರಯೋಗಾಲಯಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಲ್ ಮಂಡಳಿ ಒಪ್ಪಿದ ಪ್ರಯೋಗಾಲಯದ ವರದಿಯಲ್ಲಿ ಯುಎಲ್‌ಆರ್ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ವರದಿಯಲ್ಲಿರುವ ಬ್ಯಾಚ್ ಸಂಖ್ಯೆ ನಿಮ್ಮ ಡಬ್ಬದ್ದೇ ಆಗಿರಬೇಕು. ‘ಮಾದರಿಯನ್ನು ಗ್ರಾಹಕರು ಒದಗಿಸಿದ್ದಾರೆ’ ಎಂಬ ಸಾಲು ಕೆಳಗೆ ಇದ್ದರೆ, ಅಲ್ಲಿ ಗ್ರಾಹಕರು ಎಂದರೆ ತಯಾರಕರೇ ಎಂಬುದನ್ನು ನೆನಪಿಡಿ. ನಾನೂ ಆ ಸಾಲನ್ನು ನೂರಾರು ವರದಿಗಳಲ್ಲಿ ಹಾಕಿದ್ದೇನೆ. ಬಂದ ಪೊಟ್ಟಣದಲ್ಲಿ ಏನಿದೆ ಎಂಬುದಕ್ಕಷ್ಟೇ ನಾವು ಹೊಣೆ, ಅದೇ ಪುಡಿ ಅಂಗಡಿಗೂ ಹೋಗಿದೆ ಎಂಬುದಕ್ಕಲ್ಲ.

ಅಂಗಡಿಯಿಂದಲೇ ಕೊಂಡು ಪರೀಕ್ಷಿಸಿದಾಗ ಚಿತ್ರ ಬದಲಾಗುತ್ತದೆ. ಕೇರಳದ ವೈದ್ಯರ ತಂಡವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆಗೆ ಒಳಪಡಿಸಿ 2024ರಲ್ಲಿ ‘ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಶೇಕಡಾ 70ರಷ್ಟು ಪುಡಿಗಳ ಪ್ರೋಟೀನ್ ಪ್ರಮಾಣ ಲೇಬಲ್ಲಿಗೆ ಹೊಂದಿರಲಿಲ್ಲ. ಕೆಲವುಗಳಲ್ಲಿ ಹೇಳಿದ್ದರ ಅರ್ಧದಷ್ಟೇ ಇತ್ತು. ಸುಮಾರು ಶೇಕಡಾ 14ರಷ್ಟರಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕಂಡುಬಂತು. ಗಿಡಮೂಲಿಕೆಗಳನ್ನು ಬೆರೆಸಿದ ಪುಡಿಗಳ ಬಗ್ಗೆ ಆ ತಂಡ ವಿಶೇಷ ಕಳವಳ ವ್ಯಕ್ತಪಡಿಸಿತು. ನನ್ನ ಅಭಿಪ್ರಾಯವೂ ಅದೇ: ಪ್ರೋಟೀನ್ ಬೇಕಿದ್ದವರು ಪ್ರೋಟೀನನ್ನಷ್ಟೇ ಕೊಳ್ಳಲಿ. ಹಸಿರು ಚಹಾದ ಸಾಂದ್ರ ಸಾರ ಕೆಲವರ ಯಕೃತ್ತಿಗೆ ಹಾನಿ ಮಾಡಿದ್ದು ವೈದ್ಯಕೀಯವಾಗಿ ದಾಖಲಾಗಿದೆ, ಅದಕ್ಕೆ ಪ್ರೋಟೀನ್ ಡಬ್ಬದಲ್ಲಿ ಯಾವ ಕೆಲಸವೂ ಇಲ್ಲ.

ನಾನೇ ಪರೀಕ್ಷೆ ಮಾಡಿಸಬಹುದೇ?

ಮಾಡಿಸಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಕೊಂಡವರಿಗೆ ಶುಲ್ಕ ಕಟ್ಟಿ ಆಹಾರವನ್ನು ವಿಶ್ಲೇಷಣೆಗೆ ಕಳಿಸುವ ಹಕ್ಕು ಕೊಟ್ಟಿದೆ. ವರದಿಯಲ್ಲಿ ಕಾಯ್ದೆಯ ಉಲ್ಲಂಘನೆ ಕಂಡರೆ ಶುಲ್ಕ ವಾಪಸ್ ಸಿಗುತ್ತದೆ. ಆದರೆ ಕೊಳ್ಳುವ ಹೊತ್ತಿಗೇ ಪರೀಕ್ಷೆಗೆ ಕಳಿಸುತ್ತೇನೆ ಎಂದು ಮಾರುವವರಿಗೆ ತಿಳಿಸಿರಬೇಕು, ಇದು ಬಹುತೇಕರಿಗೆ ಗೊತ್ತಿಲ್ಲ. ನಿಮ್ಮ ಸಮಾಧಾನಕ್ಕೆ ಖಾಸಗಿ ಪ್ರಯೋಗಾಲಯಕ್ಕೆ ಕೊಡುವುದಾದರೆ ಸೀಲು ಒಡೆಯದ ಡಬ್ಬವನ್ನೇ ಕೊಡಿ, ಮತ್ತು ಬರೀ ‘ಪ್ರೋಟೀನ್’ ಎಂದು ಬರೆಯದೆ ‘ಅಮೈನೋ ಆಮ್ಲಗಳ ವಿವರ’ ಎಂದು ಕೇಳಿ. ಎರಡನೆಯದಕ್ಕೆ ಹಲವು ಪಟ್ಟು ಹೆಚ್ಚು ಹಣ ಬೇಕಾಗುವುದರಿಂದ ಒಂದೇ ಜಿಮ್‌ನ ಹತ್ತು ಜನ ಸೇರಿ ಮಾಡಿಸುವುದು ಒಳ್ಳೆಯದು.

ಪ್ರೋಟೀನ್ ಪುಡಿಯಿಂದ ಕಿಡ್ನಿ ಹಾಳಾಗುತ್ತದೆಯೇ?

ಆರೋಗ್ಯವಂತ ಮೂತ್ರಪಿಂಡಗಳಿಗೆ ಮೇಲೆ ಹೇಳಿದ ಪ್ರಮಾಣದಿಂದ ಹಾನಿಯಾಗುತ್ತದೆ ಎಂಬುದಕ್ಕೆ ಸ್ಪಷ್ಟ ಪುರಾವೆ ಇಲ್ಲ. ಈಗಾಗಲೇ ಕಾಯಿಲೆ ಇದ್ದವರ ಮಾತು ಬೇರೆ, ಅವರಿಗೆ ಪ್ರೋಟೀನಿನ ಮಿತಿಯನ್ನು ವೈದ್ಯರೇ ಹೇಳಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ಎಷ್ಟೋ ಜನರಿಗೆ ತಮ್ಮ ಮೂತ್ರಪಿಂಡ ಸೋತಿರುವುದು ಗೊತ್ತೇ ಇರುವುದಿಲ್ಲವಾದ್ದರಿಂದ ಅವರು ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಂಡೇ ಶುರು ಮಾಡಲಿ.

ವಿಟಮಿನ್ ಮಾತ್ರೆಗಳಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಇಲ್ಲಿ ಮೊದಲ ಪ್ರಶ್ನೆ, ಸ್ಟ್ರಿಪ್ ಔಷಧವೋ ಆಹಾರವೋ ಎಂಬುದು. ಔಷಧಿ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ, ನೋಡಲು ಒಂದೇ ತರಹ. ಹಿಂಭಾಗದಲ್ಲಿ ಎಫ್‌ಎಸ್‌ಎಸ್‌ಎಐ ಸಂಖ್ಯೆ, ‘ಹೆಲ್ತ್ ಸಪ್ಲಿಮೆಂಟ್’ ಮತ್ತು ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಇದ್ದರೆ ಅದು ಆಹಾರದ ಕಾನೂನಿಗೆ ಬರುತ್ತದೆ. ಔಷಧ ತಯಾರಿಕೆಯ ಪರವಾನಗಿ ಸಂಖ್ಯೆ, ಪದಾರ್ಥದ ಹೆಸರಿನ ಮುಂದೆ ಭಾರತೀಯ ಔಷಧ ಮಾನಕ ಗ್ರಂಥವನ್ನು ಸೂಚಿಸುವ ಐ.ಪಿ. ಎಂಬ ಅಕ್ಷರಗಳು ಇದ್ದರೆ ಅದು ಔಷಧ, ಪ್ರಮಾಣದ ನಿಯಮ ಅಲ್ಲಿ ಬಿಗಿಯಾಗಿದೆ. ಪರೀಕ್ಷೆಯಲ್ಲಿ ಕೊರತೆ ಕಂಡು ವೈದ್ಯರು ಬರೆದುಕೊಟ್ಟಾಗ ಔಷಧವನ್ನೇ ಕೇಳಿ ಪಡೆಯಿರಿ. ಅಂಗಡಿಯವರು ಬದಲಿಗೆ ಕೊಡುವ ‘ಅದೇ ತರಹದ್ದು’ ಎಷ್ಟೋ ಸಲ ಆಹಾರದ ಪರವಾನಗಿಯದಾಗಿರುತ್ತದೆ.

ಯಾವ ವಿಟಮಿನ್ ನಿಜವಾಗಿ ಕೊರತೆಯಾಗುತ್ತದೆ?

ನಮ್ಮಲ್ಲಿ ಮುಖ್ಯವಾಗಿ ಬಿ12 ಮತ್ತು ಡಿ. ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರು ಬಿಟ್ಟರೆ ಸಿಗುವುದೇ ಇಲ್ಲ ಎನ್ನಬಹುದು. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ಸ್ವಲ್ಪ ಹೆಚ್ಚು, ಅರ್ಧ ಲೀಟರ್ ಹಾಲು ಅದರ ಹತ್ತಿರ ಹತ್ತಿರ ಕೊಡುತ್ತದೆ. ಹಾಲನ್ನು ಕಾಫಿಗಷ್ಟೇ ಬಳಸುವ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರು, ವಯಸ್ಸಾದವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಪಾದಗಳಲ್ಲಿ ಜೋಮು, ನಡೆಯುವಾಗ ಓಲಾಟ, ಮರೆವು ಇವನ್ನು ವಯಸ್ಸಿನ ಲಕ್ಷಣ ಎಂದು ಬಿಟ್ಟುಬಿಡಬಾರದು. ಬಿ12 ಕೊರತೆ ಇದ್ದು ಫೋಲಿಕ್ ಆಮ್ಲವನ್ನಷ್ಟೇ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಂಡು ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಕೊರತೆಯಿಲ್ಲದವರಿಗೆ ಬಿ12 ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ.

ಡಿ ವಿಷಯದಲ್ಲಿ ನನ್ನ ಭಯವೇ ಬೇರೆ. 60,000 ಯೂನಿಟ್‌ನ ಮಾತ್ರೆ ಅಥವಾ ಸ್ಯಾಶೆಯನ್ನು ವೈದ್ಯರು ವಾರಕ್ಕೊಂದರಂತೆ, ಸಾಮಾನ್ಯವಾಗಿ ಎಂಟು ವಾರ ಎಂದು ಬರೆಯುತ್ತಾರೆ. ನಮ್ಮ ಬಂಧುವೊಬ್ಬರು ಅದನ್ನು ಉಳಿದ ಮಾತ್ರೆಗಳ ಜೊತೆ ದಿನಕ್ಕೊಂದರಂತೆ ನುಂಗಿದರು. ವಯಸ್ಕರಿಗೆ ದಿನಕ್ಕೆ 4,000 ಯೂನಿಟ್ ಮೇಲ್ಮಿತಿ ಎಂದಿಟ್ಟುಕೊಂಡರೆ ಅದು ಹದಿನೈದು ಪಟ್ಟು. ಎರಡು ತಿಂಗಳಲ್ಲಿ ಊಟ ಸೇರದೆ, ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ ಶುರುವಾಗಿ ಆಸ್ಪತ್ರೆ ಸೇರಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಈ ವಿಟಮಿನ್ ಕೊಬ್ಬಿನಲ್ಲಿ ಶೇಖರವಾಗುವುದರಿಂದ ಮಾತ್ರೆ ನಿಲ್ಲಿಸಿದ ಮೇಲೂ ವಾರಗಟ್ಟಲೆ ಪ್ರಭಾವ ಉಳಿಯುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಆ ಸ್ಟ್ರಿಪ್ ಮೇಲೆ ‘ಭಾನುವಾರ ಮಾತ್ರ’ ಎಂದು ದಪ್ಪ ಪೆನ್ನಿನಲ್ಲಿ ಬರೆದಿಡಿ.

ದಿನಕ್ಕೊಂದು ಮಲ್ಟಿವಿಟಮಿನ್ ಮುನ್ನೆಚ್ಚರಿಕೆಗೆ ತೆಗೆದುಕೊಂಡರೆ ತಪ್ಪೇನು?

ಕಡಿಮೆ ಪ್ರಮಾಣದ್ದಾದರೆ ಹೆಚ್ಚಿನವರಿಗೆ ತಪ್ಪೂ ಇಲ್ಲ, ಲಾಭವೂ ಇಲ್ಲ. ಹೆಚ್ಚಿನ ಪ್ರಮಾಣದ ಮಾತು ಬೇರೆ. ಧೂಮಪಾನಿಗಳಿಗೆ ಬೀಟಾ ಕ್ಯಾರೋಟಿನ್ ಕೊಟ್ಟು ಶ್ವಾಸಕೋಶದ ಕ್ಯಾನ್ಸರ್ ತಡೆಯಲು ಹೊರಟ ಎರಡು ದೊಡ್ಡ ಅಧ್ಯಯನಗಳಲ್ಲಿ, ಫಿನ್ಲೆಂಡ್‌ನದು 1994ರಲ್ಲಿ, ಅಮೆರಿಕದ್ದು 1996ರಲ್ಲಿ, ಮಾತ್ರೆ ತೆಗೆದುಕೊಂಡವರಲ್ಲೇ ಕ್ಯಾನ್ಸರ್ ಹೆಚ್ಚಾಗಿತ್ತು. ಗರ್ಭಿಣಿಯರು ವಿಟಮಿನ್ ಎ ಹೆಚ್ಚಿರುವ ಮಾತ್ರೆಗಳಿಂದ ದೂರವಿರಬೇಕು. ಆದರೆ ಫೋಲಿಕ್ ಆಮ್ಲ ಮತ್ತು ಕಬ್ಬಿಣದ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ತಪ್ಪದೆ ತೆಗೆದುಕೊಳ್ಳಬೇಕು.

ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದೇನೆ. ಥೈರಾಯ್ಡ್ ವರದಿ ಏಕಾಏಕಿ ಕೆಟ್ಟು ಬಂದಿದೆ. ಸಂಬಂಧ ಇದೆಯೇ?

ಇರುವ ಸಾಧ್ಯತೆ ಇದೆ. ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 40 ಮೈಕ್ರೋಗ್ರಾಂ, ಕೂದಲಿನ ಮಾತ್ರೆಗಳಲ್ಲಿ ಹತ್ತು ಮಿಲಿಗ್ರಾಂ ಇರುವುದು ಸಾಮಾನ್ಯ, ಅಂದರೆ 250 ಪಟ್ಟು. ಅನೇಕ ರಕ್ತಪರೀಕ್ಷೆಯ ಕಿಟ್‌ಗಳು ಬಯೋಟಿನ್ನನ್ನೇ ಅಂಟಿನಂತೆ ಬಳಸುವುದರಿಂದ, ರಕ್ತದಲ್ಲಿ ತೇಲುವ ಹೆಚ್ಚುವರಿ ಬಯೋಟಿನ್ ಅಳತೆಯನ್ನು ಕೆಡಿಸುತ್ತದೆ. ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನು ಕಡಿಮೆಯಾಗಿಯೂ ಥೈರಾಯ್ಡ್ ಸ್ರವಿಸುವ ಟಿ4 ಹಾರ್ಮೋನು ಹೆಚ್ಚಾಗಿಯೂ ಕಾಣಿಸಿ, ಆರೋಗ್ಯವಂತರಿಗೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂಬ ವರದಿ ಬರಬಹುದು. ಹೃದಯಾಘಾತ ಪತ್ತೆಮಾಡುವ ಟ್ರೋಪೊನಿನ್ ಪರೀಕ್ಷೆ ಸುಳ್ಳಾಗಿ ಕಡಿಮೆ ತೋರಿಸಬಹುದು ಎಂದು ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ವೈದ್ಯರಿಗೆ ಮಾತ್ರೆಯ ವಿಷಯ ತಿಳಿಸಿ, ಅವರ ಸಲಹೆಯಂತೆ ಕನಿಷ್ಠ ಎರಡು ದಿನ ನಿಲ್ಲಿಸಿ ಮತ್ತೆ ರಕ್ತ ಕೊಡಿ. ಆ ಎರಡನೇ ವರದಿ ಬರುವವರೆಗೆ ಥೈರಾಯ್ಡ್‌ನ ಹೊಸ ಔಷಧವನ್ನು ಶುರು ಮಾಡಬೇಕೇ ಎಂಬುದನ್ನೂ ಅವರನ್ನೇ ಕೇಳಿ.